ಒಂದೂವರೆ, ಎರಡು, ನಾಲ್ಕು ಇಂಚು: ಯಾವ ಲೆನ್ಸಿನಲ್ಲಿ ಲೇಸರ್ ಚುಕ್ಕೆ ಎಷ್ಟು ಸಣ್ಣ?

ನನ್ನ ಹತ್ತಿರ ಇರುವುದು 80 ವ್ಯಾಟಿನ ಗಾಜಿನ ಟ್ಯೂಬಿನ ಸಿಓಟು ಲೇಸರ್. ರಬ್ಬರ್ ಸ್ಟ್ಯಾಂಪು, ಎಂಡಿಎಫ್, ಅಕ್ರಿಲಿಕ್, ಎಲ್ಲವೂ ಇದರಲ್ಲೇ. ಮೆಷಿನ್ ಜೊತೆ ಬಂದದ್ದು ಎರಡು ಇಂಚಿನ ಲೆನ್ಸ್. ಆಮೇಲೆ ಒಂದೂವರೆ ಇಂಚಿನದು ಮತ್ತು ನಾಲ್ಕು ಇಂಚಿನದು ತಂದೆ. ಪಕ್ಕದಲ್ಲಿ ಒಂದು ನೀಲಿ ಡಯೋಡ್ ಮೆಷಿನ್ನೂ ಇದೆ. ನಾಲ್ಕರಲ್ಲೂ ಅದೇ ಗೆರೆ, ಅದೇ ಅಕ್ಷರ ಹಾಕಿ ನೋಡಿದ್ದೇನೆ. ಯಾವ ಕೆಲಸಕ್ಕೆ ಯಾವುದು ಅನ್ನೋದರಲ್ಲಿ ಈಗ ನನಗೆ ಗೊಂದಲ ಇಲ್ಲ.

ಮೊದಲು ಲೆಕ್ಕ. ಲೆನ್ಸ್ ಎಷ್ಟೇ ಒಳ್ಳೆಯದಿರಲಿ, ಬೆಳಕು ಒಂದು ಬಿಂದುವಿಗೆ ಬಂದು ಸೇರುವುದಿಲ್ಲ. ಒಂದು ಮಟ್ಟಕ್ಕೆ ಸಣ್ಣದಾಗಿ ಮತ್ತೆ ಅಗಲವಾಗುತ್ತಾ ಹೋಗುತ್ತದೆ. ಆ ತೀರಾ ಸಣ್ಣ ಜಾಗವೇ ಬೀಮಿನ ಸೊಂಟ. ಅದರ ಅಗಲ ಹೀಗೆ ಸಿಗುತ್ತದೆ:

```
d = 4 × M² × λ × f ÷ (π × D)
```

λ ಅಂದರೆ ತರಂಗದೂರ, ಸಿಓಟುಗೆ 10.6 ಮೈಕ್ರಾನ್. f ಲೆನ್ಸಿನ ಫೋಕಲ್ ದೂರ, ಇಂಚಿನಲ್ಲಿ ಹೇಳುತ್ತಿರುವುದು ಇದನ್ನೇ. D ಅಂದರೆ ಲೆನ್ಸಿನ ಮೇಲೆ ಬೀಳುವಾಗ ಬೀಮ್ ಎಷ್ಟು ಅಗಲ ಇದೆ ಅನ್ನೋದು. M² ಬೀಮಿನ ಗುಣಮಟ್ಟದ ಅಂಕಿ. ಎಲ್ಲಕ್ಕಿಂತ ಶುದ್ಧವಾದ ಬೀಮಿಗೆ ಅದು 1, ಅದಕ್ಕಿಂತ ಕಮ್ಮಿ ಆಗುವುದೇ ಇಲ್ಲ. ನನ್ನ ಟ್ಯೂಬಿಗೆ 1.2 ಎಂದು ಇಟ್ಟುಕೊಂಡಿದ್ದೇನೆ. ಬೆಡ್ಡಿನ ನಡುವೆ D ಸುಮಾರು 7 ಮಿ.ಮೀ.

ಲೆಕ್ಕದ ಪ್ರಕಾರ ಒಂದೂವರೆ ಇಂಚಿಗೆ 0.09, ಎರಡು ಇಂಚಿಗೆ 0.12, ನಾಲ್ಕು ಇಂಚಿಗೆ 0.24 ಮಿ.ಮೀ. ಚುಕ್ಕೆ ಬರಬೇಕು. ಇಲ್ಲಿ ಗಮನಿಸಿ, ವ್ಯಾಟ್ ಈ ಲೆಕ್ಕದಲ್ಲಿ ಎಲ್ಲೂ ಇಲ್ಲ. ಪವರ್ ಜಾಸ್ತಿ ಮಾಡಿದರೆ ಗೆರೆ ದಪ್ಪ ಆಗುತ್ತದಲ್ಲ ಅಂತ ಕೇಳಬಹುದು. ಅದು ಬೇರೆ ವಿಷಯ. ಬೀಮಿನ ನಡುವೆ ಬೆಳಕು ತೀಕ್ಷ್ಣ, ಅಂಚಿನ ಕಡೆ ನಿಧಾನವಾಗಿ ಕಮ್ಮಿ. ನಡುವಿನ ತೀಕ್ಷ್ಣತೆಯ ಶೇ. 13.5ಕ್ಕೆ ಇಳಿಯುವ ಜಾಗವನ್ನು ಅಂಚು ಎಂದು ಒಪ್ಪಿಕೊಂಡಿದ್ದಾರೆ, ಅಷ್ಟೆ. ಪವರ್ ಕಮ್ಮಿ ಇಟ್ಟರೆ ನಡುಭಾಗ ಮಾತ್ರ ಸುಡುತ್ತದೆ. ಆಗ ಗೆರೆ ಚುಕ್ಕೆಗಿಂತಲೂ ಸಣ್ಣ ಬರುತ್ತದೆ. ಹಾಗಾಗಿ "ನನ್ನ ಮೆಷಿನ್ನಲ್ಲಿ 0.05 ಗೆರೆ ಬರುತ್ತೆ" ಅಂತ ಯಾರಾದರೂ ಹೇಳಿದರೆ, ಎಷ್ಟು ಪವರಿಗೆ, ಯಾವುದರ ಮೇಲೆ ಅಂತ ಕೇಳಿ.

ನಾನು ಹೋಲಿಸಿದ್ದು ಇಳಿಜಾರು ಪರೀಕ್ಷೆಯಲ್ಲಿ. ಕಪ್ಪು ಬಣ್ಣ ಹೊಡೆದ 100 ಮಿ.ಮೀ. ಉದ್ದದ ಚಪ್ಪಟೆ ಪಟ್ಟಿ ತಗೊಂಡೆ. ಒಂದು ತುದಿಗೆ 10 ಮಿ.ಮೀ. ಅಕ್ರಿಲಿಕ್ ತುಂಡು ಕೊಟ್ಟು ಎತ್ತರಿಸಿದೆ. ಹೆಡ್ಡಿನ ಎತ್ತರ ಬದಲಾಯಿಸದೆ ಅದರ ಉದ್ದಕ್ಕೂ ಒಂದು ಗೆರೆ ಹಾಕಿದೆ. ಪಟ್ಟಿಯಲ್ಲಿ 10 ಮಿ.ಮೀ. ಮುಂದೆ ಹೋದರೆ ಎತ್ತರದಲ್ಲಿ 1 ಮಿ.ಮೀ. ವ್ಯತ್ಯಾಸ. ಗೆರೆ ಒಂದು ತುದಿಯಲ್ಲಿ ದಪ್ಪ, ನಡುವೆ ಸಣ್ಣ, ಮತ್ತೆ ದಪ್ಪ. ಸ್ಕೇಲ್ ಇರುವ ಭೂತಗನ್ನಡಿಯಲ್ಲಿ ನೋಡಿದರೆ ಸೊಂಟ ಎಲ್ಲಿದೆ, ಎಷ್ಟು ಉದ್ದಕ್ಕೆ ಗೆರೆ ಸಣ್ಣಗೇ ಉಳಿಯುತ್ತದೆ, ಎರಡೂ ಒಂದೇ ಸಲಕ್ಕೆ ಕಾಣುತ್ತದೆ.

ಒಂದೂವರೆ ಇಂಚಿನ ಲೆನ್ಸ್ ಹಾಕಿದ ಪಟ್ಟಿಯಲ್ಲಿ ಸಣ್ಣ ಗೆರೆ ಒಂದು ಸೆಂಟಿಮೀಟರ್ ಉದ್ದಕ್ಕೂ ಉಳಿಯಲಿಲ್ಲ. ತಕ್ಷಣ ಎರಡೂ ಕಡೆ ಅಗಲವಾಗಿ, ಮಸಿ ಬಳಿದ ಹಾಗೆ ಆಯಿತು. ನಾಲ್ಕು ಇಂಚಿನದರಲ್ಲಿ ಎಲ್ಲಿ ಸಣ್ಣ, ಎಲ್ಲಿ ದಪ್ಪ ಅಂತ ಹುಡುಕಬೇಕಾಯಿತು. ಪಟ್ಟಿಯ ಬಹುಪಾಲು ಒಂದೇ ಥರ ಕಂಡಿತು. ಎರಡು ಇಂಚಿನದು ಎರಡರ ನಡುವೆ, ಆದರೆ ಒಂದೂವರೆಗೆ ಹತ್ತಿರ.

ಇದಕ್ಕೆ ಕಾರಣ ಬೀಮಿನ ಒಂದು ಕಟ್ಟುಪಾಡು. ಸೊಂಟದ ಅಗಲ ಮತ್ತು ಅಲ್ಲಿಂದ ಹರಡುವ ಕೋನ, ಎರಡರ ಗುಣಲಬ್ಧ ಬದಲಾಗುವುದಿಲ್ಲ. ಒಳ್ಳೆಯ ಲೆನ್ಸಿನಿಂದ ಅದನ್ನು ಕಮ್ಮಿ ಮಾಡಲಾಗದು. ಸೊಂಟ ಅರ್ಧ ಮಾಡಿದರೆ ಕೋನ ಎರಡರಷ್ಟು. ಇನ್ನು ಫೋಕಸ್ ಹಿಡಿದುಕೊಳ್ಳುವ ಆಳ ಸೊಂಟದ ವರ್ಗಕ್ಕೆ ತಕ್ಕಂತೆ ಇರುತ್ತದೆ, ಹಾಗಾಗಿ ಅದು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಚುಕ್ಕೆಯ ಅಗಲ 1.4 ಪಟ್ಟು ಆಗುವ ತನಕ, ಅಂದರೆ ಬೆಳಕಿನ ತೀಕ್ಷ್ಣತೆ ಅರ್ಧಕ್ಕೆ ಇಳಿಯುವ ತನಕ ಲೆಕ್ಕ ಹಾಕಿದರೆ, ಒಂದೂವರೆ ಇಂಚಿಗೆ ಮೇಲೆ ಕೆಳಗೆ ಸೇರಿ ಸುಮಾರು 1 ಮಿ.ಮೀ. ಆಳ. ಎರಡು ಇಂಚಿಗೆ 1.7. ನಾಲ್ಕು ಇಂಚಿಗೆ 6.8.

ಈಗ ಕೆಲಸಕ್ಕೆ ಬರೋಣ. ರಬ್ಬರ್ ಸ್ಟ್ಯಾಂಪಿನಲ್ಲಿ ಕನ್ನಡದ ಸಣ್ಣ ಅಕ್ಷರ ತೆಗೆಯುವುದು ಇಂಗ್ಲಿಷಿಗಿಂತ ಕಷ್ಟ. "ಶ್ರೀ", "ಕ್ಷೇತ್ರ", "ಕಾರ್ಯದರ್ಶಿ" ಇವುಗಳ ಒತ್ತು, ಅರ್ಕಾವತ್ತು, ಒಳಗಿನ ಪುಟ್ಟ ಖಾಲಿ ಜಾಗ ಎಲ್ಲ ಉಳಿಯಬೇಕಲ್ವಾ. ಎರಡು ಇಂಚಿನಲ್ಲಿ ಏಳು ಪಾಯಿಂಟ್ ಅಕ್ಷರ ಹಾಕಿದರೆ ರ ಒತ್ತು ಸವೆದು ಕಡ್ಡಿಯಂತಾಗುತ್ತದೆ. ಒಂದೂವರೆಯಲ್ಲಿ ಸ್ಪಷ್ಟವಾಗಿ ನಿಲ್ಲುತ್ತದೆ. ಈ ಕೆಲಸಕ್ಕೆ ಅದೇ ಸರಿ, ಅನುಮಾನವೇ ಇಲ್ಲ. ರಬ್ಬರ್ ಹಾಳೆ ಸಮತಟ್ಟಾಗಿ ಕೂರುವುದರಿಂದ 1 ಮಿ.ಮೀ. ಆಳ ಸಾಕು. ಆದರೆ ಅದೇ ಲೆನ್ಸಿನಲ್ಲಿ ಮಳೆಗಾಲದಲ್ಲಿ ಸೊಟ್ಟಗಾದ 3 ಮಿ.ಮೀ. ಪ್ಲೈವುಡ್ ಹಾಕಿ ನೋಡಿ. ನಡುವೆ ಉಬ್ಬಿದ ಕಡೆ ಅಕ್ಷರ ಮಸುಕು, ಅಂಚಿನಲ್ಲಿ ಚೂಪು. ಅಲ್ಲಿ ಎರಡು ಇಂಚಿನದೇ ಹಾಕುತ್ತೇನೆ.

10 ಮಿ.ಮೀ. ಅಕ್ರಿಲಿಕ್ ಕತ್ತರಿಸುವಾಗ ಆಟವೇ ತಿರುಗುತ್ತದೆ. ಫೋಕಸ್ಸನ್ನು ಹಾಳೆಯ ನಟ್ಟನಡುವೆ ಇಟ್ಟಿದ್ದೇವೆ ಅಂದುಕೊಳ್ಳಿ. ಮೇಲ್ಮೈ ಸೊಂಟದಿಂದ 5 ಮಿ.ಮೀ. ದೂರ. ಅಲ್ಲಿ ಬೀಮ್ ಎಷ್ಟು ಅಗಲ? ಒಂದೂವರೆ ಇಂಚಿಗೆ 0.9 ಮಿ.ಮೀ., ಎರಡು ಇಂಚಿಗೆ 0.7, ನಾಲ್ಕು ಇಂಚಿಗೆ ಬರೀ 0.4. ಸೊಂಟದಲ್ಲಿ ಎಲ್ಲಕ್ಕಿಂತ ದಪ್ಪ ಇದ್ದ ನಾಲ್ಕು ಇಂಚಿನ ಬೀಮೇ ಮೇಲ್ಮೈಯಲ್ಲಿ ಎಲ್ಲಕ್ಕಿಂತ ಸಣ್ಣ. ಇದು ಗಾಳಿಯಲ್ಲಿನ ಲೆಕ್ಕ. ಕತ್ತರಿಸಿದ ಸಂದಿಯ ಗೋಡೆಗಳು ಸ್ವಲ್ಪ ಬೆಳಕನ್ನು ಒಳಕ್ಕೇ ತಳ್ಳುವುದರಿಂದ ನಿಜದಲ್ಲಿ ವ್ಯತ್ಯಾಸ ಇಷ್ಟು ಕೆಟ್ಟದಾಗಿ ಕಾಣುವುದಿಲ್ಲ. ಆದರೂ ಮೂಲೆಮಟ್ಟ ಹಿಡಿದು ನೋಡಿದರೆ ಎರಡು ಇಂಚಿನಲ್ಲಿ ಅಂಚು ಓರೆ, ನಾಲ್ಕರಲ್ಲಿ ನೆಟ್ಟಗೆ. ತುಂಡುಗಳನ್ನು ಅಂಟಿಸಿ ಡಬ್ಬಿ ಮಾಡುವವರಿಗೆ ಈ ಓರೆ ದೊಡ್ಡ ತಲೆನೋವು. ತೆಳು ಹಾಳೆಗೆ ಮಾತ್ರ ನಾಲ್ಕು ಇಂಚಿನದು ಸುಮ್ನೆ ದಂಡ. ಚುಕ್ಕೆ ದಪ್ಪ ಆದಷ್ಟೂ ತೀಕ್ಷ್ಣತೆ ಕಮ್ಮಿ, ವೇಗ ಇಳಿಸಬೇಕಾಗುತ್ತದೆ.

ಇನ್ನೊಂದು ವಿಷಯ ಲೆನ್ಸ್ ಮಾರುವವರು ಹೇಳುವುದಿಲ್ಲ. ಸೂತ್ರದಲ್ಲಿರುವ D ಬೆಡ್ಡಿನ ಎಲ್ಲ ಕಡೆ ಒಂದೇ ಅಲ್ಲ. ಟ್ಯೂಬಿನೊಳಗಿಂದ ಬರುವ ಬೀಮಿಗೂ ತನ್ನದೇ ಸೊಂಟ ಇದೆ, ಟ್ಯೂಬಿನ ಬಾಯಿಯ ಹತ್ತಿರ, ಸುಮಾರು 4 ಮಿ.ಮೀ. ಅಗಲ. ಅಲ್ಲಿಂದ ದೂರ ಹೋದ ಮೇಲೆ ಮೀಟರಿಗೆ ಹೆಚ್ಚುಕಮ್ಮಿ 4 ಮಿ.ಮೀ.ನಂತೆ ಹರಡುತ್ತದೆ. ಹೆಡ್ ಟ್ಯೂಬಿಗೆ ಹತ್ತಿರದ ಮೂಲೆಯಲ್ಲಿದ್ದಾಗ ಬೀಮ್ 5 ಮಿ.ಮೀ. ಆಸುಪಾಸು. ಎದುರು ಮೂಲೆಯಲ್ಲಿ 9ರ ಹತ್ತಿರ. ಹೆಡ್ಡಿನ ಬಾಯಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಎರಡೂ ಮೂಲೆಯಲ್ಲಿ ಒಂದೊಂದು ಪಲ್ಸ್ ಹೊಡೆದು ನೋಡಿ. ಸುಟ್ಟ ಗುರುತಿನ ಗಾತ್ರದಲ್ಲೇ ಗೊತ್ತಾಗುತ್ತದೆ.

ಅಗಲ ಬೀಮ್ ಅಂದರೆ ಸಣ್ಣ ಚುಕ್ಕೆ. ಅದೇ ಎರಡು ಇಂಚಿನ ಲೆನ್ಸಿಗೆ ಹತ್ತಿರದ ಮೂಲೆಯಲ್ಲಿ 0.16, ದೂರದ ಮೂಲೆಯಲ್ಲಿ 0.09 ಮಿ.ಮೀ. ಬರುತ್ತದೆ. ದೂರದ ಮೂಲೆಯೇ ಕೆಟ್ಟದ್ದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಲ್ಲಿ ಕೆಡುವುದು ಸಾಮಾನ್ಯವಾಗಿ ಕನ್ನಡಿಗಳ ಅಲೈನ್‌ಮೆಂಟಿನಿಂದ. ಅದು ಸರಿಯಿದ್ದರೆ ಸಣ್ಣ ಅಕ್ಷರಕ್ಕೆ ದೂರದ ಮೂಲೆಯೇ ಉತ್ತಮ. ನಾನು ಸ್ಟ್ಯಾಂಪುಗಳನ್ನು ಈಗ ಅಲ್ಲೇ ಇಡುತ್ತೇನೆ.

ಹಾಗಾದರೆ ಬೀಮ್ ಎಕ್ಸ್‌ಪ್ಯಾಂಡರ್ ಹಾಕಿ ಬೀಮನ್ನು ಎರಡರಷ್ಟು, 14 ಮಿ.ಮೀ. ಮಾಡಿದರೆ? ಸೂತ್ರ ಹೇಳುವಂತೆ ಚುಕ್ಕೆ ಅರ್ಧ ಆಗಬೇಕು. ಇಲ್ಲಿ ಲೆನ್ಸಿನ ದೋಷ ಅಡ್ಡ ಬರುತ್ತದೆ. ಗೋಳಾಕಾರದ ಲೆನ್ಸಿನಲ್ಲಿ ಅಂಚಿನ ಮೂಲಕ ಹೋದ ಬೆಳಕು ಸ್ವಲ್ಪ ಮೊದಲೇ ಸೇರುತ್ತದೆ. ಇದರಿಂದ ಆಗುವ ಮಸುಕು ಬೀಮಿನ ಅಗಲದ ಘನಕ್ಕೆ ತಕ್ಕಂತೆ ಬೆಳೆಯುತ್ತದೆ. ಒಂದು ಕಡೆ ಚಪ್ಪಟೆ ಇರುವ ಒಂದೂವರೆ ಇಂಚಿನ ಜಿಂಕ್ ಸೆಲೆನೈಡ್ ಲೆನ್ಸಿಗೆ 7 ಮಿ.ಮೀ. ಬೀಮಿನಲ್ಲಿ ಅದು 0.007 ಮಿ.ಮೀ., ಲೆಕ್ಕಕ್ಕೇ ಇಲ್ಲ. 14 ಮಿ.ಮೀ. ಬೀಮಿನಲ್ಲಿ 0.054. ಮೊದಲಿನ 0.09ರಲ್ಲಿ ಅರ್ಧ ಉಳಿಸಿದೆವು, ಅದಕ್ಕಿಂತ ಜಾಸ್ತಿ ಇದು ತಿಂದುಹಾಕಿತು. ನಾಲ್ಕು ಇಂಚಿನ ಲೆನ್ಸಿನಲ್ಲಾದರೆ ಎಕ್ಸ್‌ಪ್ಯಾಂಡರ್ ನಿಜವಾಗಿ ಲಾಭ. ಇದೇ ಕಾರಣಕ್ಕೆ ಲೆನ್ಸಿನ ಉಬ್ಬಿದ ಮುಖ ಮೇಲೆ, ಚಪ್ಪಟೆ ಮುಖ ಕೆಲಸದ ಕಡೆ ಇರಬೇಕು. ತಿರುಗಿಸಿ ಹಾಕಿದರೆ ಮಸುಕು ಜಾಸ್ತಿ. ಎತ್ತರ ಎಷ್ಟೇ ಹೊಂದಿಸಿದರೂ ಗೆರೆ ಚೂಪಾಗದಿದ್ದರೆ ಮೊದಲು ಇದನ್ನು ನೋಡಿ.

ಕೊನೆಗೆ ನೀಲಿ ಡಯೋಡ್. ಇದರ ತರಂಗದೂರ ಸುಮಾರು 450 ನ್ಯಾನೋಮೀಟರ್, ಸಿಓಟುಗಿಂತ ಇಪ್ಪತ್ತಕ್ಕೂ ಹೆಚ್ಚು ಪಟ್ಟು ಕಮ್ಮಿ. ಸೂತ್ರ ನಂಬಿದರೆ ಕೂದಲಿಗಿಂತ ಎಷ್ಟೋ ಸಣ್ಣ ಗೆರೆ ಬರಬೇಕಿತ್ತು. ನನ್ನ ಮೆಷಿನ್ನಿನಲ್ಲಿ ಒಂದು ಚೌಕ ಹಾಕಿದಾಗ ಎರಡು ಬದಿ ಸಣ್ಣ, ಉಳಿದೆರಡು ಎದ್ದು ಕಾಣುವಷ್ಟು ದಪ್ಪ ಬಂದವು. ದಪ್ಪ ಗೆರೆ ಒಂದೂವರೆ ಇಂಚಿನ ಸಿಓಟು ಗೆರೆಗಿಂತಲೂ ಅಗಲ. ಕಾರಣ M². ಇಷ್ಟು ಪವರ್ ಕೊಡುವ ಡಯೋಡಿನಲ್ಲಿ ಬೆಳಕು ಹೊರಬರುವುದು ಒಂದು ಉದ್ದನೆಯ ಸೀಳಿನಿಂದ. ಸೀಳಿನ ಅಡ್ಡಕ್ಕೆ ಬೀಮ್ ಹೆಚ್ಚುಕಮ್ಮಿ ಶುದ್ಧ. ಉದ್ದಕ್ಕೆ M² ತುಂಬ ಜಾಸ್ತಿ. ಹಾಗಾಗಿ ಚುಕ್ಕೆ ದುಂಡಗಿರುವುದಿಲ್ಲ, ಆಯತದಂತೆ ಇರುತ್ತದೆ. ಫೋಕಸ್ ತಿರುಪು ಎಷ್ಟು ತಿರುಗಿಸಿದರೂ ಇದು ಹೋಗದು.

ಆದರೂ ಅದಕ್ಕೂ ಒಂದು ಉಪಯೋಗ ಇದೆ. ಎನ್‌ಗ್ರೇವ್ ಮಾಡುವಾಗ ಹೆಡ್ ಓಡುವ ದಿಕ್ಕಿಗೆ ಆಯತದ ಉದ್ದ ಬದಿ ಬರುವಂತೆ ಮಾಡ್ಯೂಲನ್ನು ಕೂರಿಸಿದರೆ, ಓಡುವ ಗೆರೆ ಸಣ್ಣದಾಗಿ ಬರುತ್ತದೆ, ಸಾಲುಗಳನ್ನು ಒತ್ತೊತ್ತಾಗಿ ಹಾಕಬಹುದು. ಮರದ ಮೇಲೆ ಫೋಟೋ ತೆಗೆಯಲು ನಾನು ಹೀಗೇ ಬಳಸುತ್ತೇನೆ. ಪಾರದರ್ಶಕ ಅಕ್ರಿಲಿಕ್ಕಿನಲ್ಲಿ ಮಾತ್ರ ನೀಲಿ ಬೆಳಕು ಏನೂ ಮಾಡದೆ ಆಚೆ ಹೋಗುತ್ತದೆ. ಅದೇ ಕಾರಣಕ್ಕೆ ಸಿಓಟು ಮೆಷಿನ್ನಿಗೆ ಸಾಕಾಗುವ ಪಾರದರ್ಶಕ ಪ್ಲಾಸ್ಟಿಕ್ ಕನ್ನಡಕ ಇದಕ್ಕೆ ಆಗುವುದಿಲ್ಲ, 450 ನ್ಯಾನೋಮೀಟರಿಗೆಂದೇ ಮಾಡಿದ ಕನ್ನಡಕ ಬೇಕು.