ನಾಲ್ಕು ವರ್ಷ ಬಳಸಿದ ಗೇಮ್ ಲಾಂಚರ್: ‘Installing prerequisites’ ಎಂದು ನಿಂತುಬಿಟ್ಟಾಗ ಒಳಗೆ ಆಗಿರುವುದೇನು

ಈ ಲಾಂಚರನ್ನು ನಾನು ನಾಲ್ಕು ವರ್ಷಗಳಿಂದ ಬಳಸುತ್ತಿದ್ದೇನೆ. ಆಟಗಳ ಬೆಲೆ, ಡೌನ್‌ಲೋಡ್ ವೇಗ, ನಡುವೆ ನೆಟ್ ಹೋದರೆ ನಿಂತಲ್ಲಿಂದಲೇ ಮುಂದುವರಿಯುವ ಸೌಲಭ್ಯ, ಇವುಗಳ ಬಗ್ಗೆ ನನಗೆ ದೂರಿಲ್ಲ. ನನ್ನ ದೂರೆಲ್ಲ ಒಂದೇ ಪರದೆಯ ಬಗ್ಗೆ. ಹೊಸ ಆಟವನ್ನು ಮೊದಲ ಬಾರಿ ತೆರೆದಾಗ ‘Installing prerequisites’ ಎಂಬ ಸಾಲು ಬರುತ್ತದೆ, ಕೆಳಗಿನ ಪಟ್ಟಿ ಸೊನ್ನೆಯಲ್ಲೇ ನಿಲ್ಲುತ್ತದೆ, ಗಂಟೆಗಟ್ಟಲೆ ಕಾದರೂ ಅಲ್ಲಿಂದ ಕದಲುವುದಿಲ್ಲ. ಇದೇ ತೊಂದರೆಯಲ್ಲಿ ಸಿಕ್ಕಿಕೊಂಡವರಿಗೆ ನೆರವಾಗಲೆಂದು, ನನ್ನ ಕಂಪ್ಯೂಟರಿನಲ್ಲಿ ಆದದ್ದನ್ನು ಸಾವಕಾಶವಾಗಿ ಬರೆಯುತ್ತಿದ್ದೇನೆ.

ಮೊದಲಿಗೆ ಆ ಸಾಲಿನ ಅರ್ಥವನ್ನು ತಿಳಿದುಕೊಳ್ಳಬೇಕು. ಆಟ ನಡೆಯಲು ಅದರ ಸ್ವಂತ ಫೈಲುಗಳಷ್ಟೇ ಸಾಲುವುದಿಲ್ಲ. ವಿಂಡೋಸ್‌ನಲ್ಲಿ ಮೈಕ್ರೋಸಾಫ್ಟ್‌ನ ವಿಷುವಲ್ ಸಿ++ ರನ್‌ಟೈಮ್, ಹಳೆಯ ಆಟವಾದರೆ ಡೈರೆಕ್ಟ್‌ಎಕ್ಸ್‌ನ ಕೆಲವು ಹಳೆಯ ಭಾಗಗಳು ಮೊದಲೇ ಇರಬೇಕಾಗುತ್ತದೆ. ಆಟದ ಜೊತೆಗೇ ಇವುಗಳ ಇನ್‌ಸ್ಟಾಲರ್‌ಗಳೂ ಇಳಿದಿರುತ್ತವೆ. ಲಾಂಚರ್ ಅವುಗಳನ್ನು ಹಿನ್ನೆಲೆಯಲ್ಲಿ ಓಡಿಸಿ, ಮುಗಿದ ಮೇಲೆ ಅವು ಹಿಂದಿರುಗಿಸುವ ಸಂಖ್ಯೆಯನ್ನು ನೋಡಿ, ಕೆಲಸ ಆಯಿತೆಂದು ತನ್ನ ದಾಖಲೆಯಲ್ಲಿ ಬರೆದುಕೊಳ್ಳುತ್ತದೆ. ಅಂದರೆ ಇನ್‌ಸ್ಟಾಲರ್ ಓಡುವಾಗಲೂ ಕೆಡಬಹುದು, ಓಡಿ ಮುಗಿದ ಮೇಲೆ ಬರೆದುಕೊಳ್ಳುವಾಗಲೂ ಕೆಡಬಹುದು. ಎರಡಕ್ಕೂ ಪರದೆಯ ಮೇಲೆ ಕಾಣುವುದು ಅದೇ ಒಂದು ಸಾಲು. ನನಗೆ ಎರಡೂ ಒಟ್ಟಿಗೇ ಕೆಟ್ಟಿದ್ದವು. ಹಾಗಾಗಿ ಒಂದನ್ನು ಸರಿಪಡಿಸಿದರೂ ಏನೂ ಬದಲಾಗದಂತೆ ತೋರಿ ಎರಡು ದಿನ ಕಳೆದುಹೋದವು.

ಆ ಆಟದ ಗಾತ್ರ 62 ಜಿಬಿ. ರಾತ್ರಿಯಿಡೀ ಇಳಿಸಿಕೊಂಡು ಬೆಳಿಗ್ಗೆ ತೆರೆದರೆ ಪಟ್ಟಿ ಸೊನ್ನೆಯಲ್ಲಿ ನಿಂತಿತು. ಗ್ರಾಹಕ ಸೇವೆಯವರನ್ನು ಕೇಳಿದಾಗ ಬಂದ ಉತ್ತರ ಇಷ್ಟೇ: “ಸರ್, ಲಾಂಚರನ್ನು ಪೂರ್ತಿ ತೆಗೆದು ಮತ್ತೆ ಹಾಕಿ.” ಹಾಗೆ ಮಾಡಿದೆ, ಫಲ ಸಿಗಲಿಲ್ಲ. ಅದಕ್ಕೆ ಕಾರಣ ಆಮೇಲೆ ತಿಳಿಯಿತು. ಲಾಂಚರನ್ನು ತೆಗೆದಾಗ ಪ್ರೋಗ್ರಾಮಿನ ಫೈಲುಗಳು ಮಾತ್ರ ಅಳಿಯುತ್ತವೆ. `%LOCALAPPDATA%` ಎಂಬ ಜಾಗದಲ್ಲಿರುವ ಅದರ ಕ್ಯಾಶ್ ಹಾಗೆಯೇ ಉಳಿಯುತ್ತದೆ. ಹೊಸದಾಗಿ ಹಾಕಿದ ಲಾಂಚರ್ ಬಂದು ಅದೇ ಕೆಟ್ಟ ಕ್ಯಾಶನ್ನು ಮತ್ತೆ ಓದಿಕೊಳ್ಳುತ್ತದೆ.

ಇಂಥ ಹೊತ್ತಿನಲ್ಲಿ ಮೊದಲು ಮಾಡಬೇಕಾದ ಕೆಲಸವೆಂದರೆ ನೋಡುವುದು. Ctrl+Shift+Esc ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, Details ಪುಟದಲ್ಲಿ `vc_redist.x64.exe` ಎಂಬ ಹೆಸರನ್ನು ಹುಡುಕಬೇಕು. ಆ ಹೆಸರು ಅಲ್ಲಾಡದೆ ನಿಂತಿದ್ದು ಅದರ ಸಿಪಿಯು ಬಳಕೆ ಸೊನ್ನೆಯಾಗಿದ್ದರೆ, ಅದು ಯಾವುದಕ್ಕೋ ಕಾಯುತ್ತಿದೆ ಎಂದರ್ಥ. ಹೆಚ್ಚಾಗಿ ಅದು ಕಾಯುತ್ತಿರುವುದು ನಮ್ಮ ಅನುಮತಿಗೇ. ಅನುಮತಿ ಕೇಳುವ ಕಿಟಕಿ ಕೆಲವೊಮ್ಮೆ ಮುಂದೆ ಬಾರದೆ, ಟಾಸ್ಕ್‌ಬಾರಿನಲ್ಲಿ ಮಿನುಗುವ ಗುರಾಣಿಯ ಚಿಹ್ನೆಯಾಗಿ ಉಳಿದುಬಿಡುತ್ತದೆ. ಅದನ್ನು ಒತ್ತಿ Yes ಎಂದರೆ ಸಾಕು. ವಿಂಡೋಸ್ ಇನ್‌ಸ್ಟಾಲರ್ ಒಂದು ಹೊತ್ತಿಗೆ ಒಂದೇ ಸ್ಥಾಪನೆಯನ್ನು ನಡೆಸುವುದರಿಂದ, ಬೇರೆ ಯಾವುದೋ ತಂತ್ರಾಂಶ ಆಗಲೇ ಅಪ್‌ಡೇಟ್ ಆಗುತ್ತಿದ್ದರೆ ಇದು ಸರದಿಗಾಗಿ ಕಾಯಬಹುದು, ಇಲ್ಲವೇ 1618 ಎಂಬ ಸಂಖ್ಯೆಯನ್ನು ಕೊಟ್ಟು ಹಿಂದಿರುಗಬಹುದು.

ನನಗೆ ಕಂಡದ್ದು ಬೇರೆ. ಹೆಸರು ಕಾಣಿಸಿಕೊಳ್ಳುತ್ತಿತ್ತು, ಎರಡು ಮೂರು ಸೆಕೆಂಡಿಗೆ ಮಾಯವಾಗುತ್ತಿತ್ತು, ಮತ್ತೆ ಕಾಣಿಸಿಕೊಳ್ಳುತ್ತಿತ್ತು. ಪ್ರತಿ ಸಲವೂ ಪಕ್ಕದ ಪಿಐಡಿ, ಅಂದರೆ ಓಡುತ್ತಿರುವ ಪ್ರತಿ ಪ್ರಕ್ರಿಯೆಗೂ ವಿಂಡೋಸ್ ಕೊಡುವ ಗುರುತಿನ ಸಂಖ್ಯೆ ಮಾತ್ರ ಬೇರೆಯಾಗಿರುತ್ತಿತ್ತು. ಇನ್‌ಸ್ಟಾಲರ್ ಸಿಕ್ಕಿಕೊಂಡಿರಲಿಲ್ಲ, ಅದು ಪ್ರತಿ ಸಲವೂ ಓಡಿ ಮುಗಿಯುತ್ತಿತ್ತು. ಅದು ಕೊಟ್ಟ ಉತ್ತರವನ್ನು ಒಪ್ಪದೆ ಲಾಂಚರ್ ಅದನ್ನು ಮತ್ತೆ ಮತ್ತೆ ಓಡಿಸುತ್ತಿತ್ತು. ಆ ಉತ್ತರವೇನೆಂದು ತಿಳಿಯಲು, ಲಾಂಚರನ್ನು ಮುಚ್ಚಿ, ಆಟದ ಫೋಲ್ಡರಿನೊಳಗೇ ಇದ್ದ ಇನ್‌ಸ್ಟಾಲರನ್ನು ಕಮಾಂಡ್ ಪ್ರಾಂಪ್ಟಿನಿಂದ ನಾನೇ ಓಡಿಸಿದೆ:

```
start /wait vc_redist.x64.exe /install /passive /norestart
echo %errorlevel%
```

ಇಲ್ಲಿ `start /wait` ಬಿಡಬಾರದು. ಅದಿಲ್ಲದಿದ್ದರೆ ಪ್ರಾಂಪ್ಟ್ ಕಾಯದೆ ಮುಂದಿನ ಸಾಲಿಗೆ ಹೋಗುವುದರಿಂದ, ಎರಡನೆಯ ಸಾಲು ತೋರಿಸುವ ಸಂಖ್ಯೆ ಇನ್‌ಸ್ಟಾಲರಿನದಾಗಿರುವುದಿಲ್ಲ. ನನಗೆ ಬಂದ ಉತ್ತರ 1638. ಈ ಸಂಖ್ಯೆಯ ಅರ್ಥ, ಇದೇ ಉತ್ಪನ್ನದ ಬೇರೊಂದು ಆವೃತ್ತಿ ಈಗಾಗಲೇ ಇದೆ ಎಂಬುದು. ವಿಷುವಲ್ ಸಿ++ ರನ್‌ಟೈಮಿನ 2015ರಿಂದ 2022ರವರೆಗಿನ ಆವೃತ್ತಿಗಳು ಒಂದೇ ಸರಣಿಯವು. ಹೊಸದು ಬಂದರೆ ಹಳೆಯದರ ಜಾಗದಲ್ಲಿ ಕೂರುತ್ತದೆ, ಹಳೆಯದನ್ನು ನಂಬಿದ ಪ್ರೋಗ್ರಾಮುಗಳಿಗೂ ಅದೇ ಸಾಕಾಗುತ್ತದೆ. ಆಟದ ಜೊತೆ ಬಂದದ್ದು ಹಳೆಯ ಪ್ರತಿ, ನನ್ನ ಕಂಪ್ಯೂಟರಿನಲ್ಲಿದ್ದದ್ದು ಹೊಸದು. ಅಂದರೆ ಆಟಕ್ಕೆ ಬೇಕಾದುದೆಲ್ಲ ಆಗಲೇ ಇತ್ತು. ಲಾಂಚರ್ ಮಾತ್ರ ಸೊನ್ನೆಯೊಂದನ್ನೇ ಯಶಸ್ಸೆಂದು ಎಣಿಸಿ, ಉಳಿದುದೆಲ್ಲವನ್ನೂ ಸೋಲೆಂದು ತಿಳಿಯುತ್ತಿತ್ತು. 3010 ಎಂಬ ಸಂಖ್ಯೆಯ ಕಥೆಯೂ ಹೀಗೆಯೇ: ಸ್ಥಾಪನೆ ಆಗಿದೆ, ಕಂಪ್ಯೂಟರನ್ನು ಒಮ್ಮೆ ರೀಸ್ಟಾರ್ಟ್ ಮಾಡಬೇಕು ಎಂಬುದಷ್ಟೇ ಅದರ ಅರ್ಥ. ನಿಜವಾಗಿ ಹೆದರಬೇಕಾದ ಸಂಖ್ಯೆ 1603. ಅದು ಬಂದರೆ `%TEMP%` ಫೋಲ್ಡರಿನಲ್ಲಿ `dd_vcredist` ಎಂದು ಶುರುವಾಗುವ ಲಾಗ್ ಫೈಲನ್ನು ತೆರೆದು ಓದಬೇಕಾಗುತ್ತದೆ.

ಲಾಂಚರಿಗೆ ಸೊನ್ನೆಯೇ ಬೇಕಿದ್ದರಿಂದ ಅದನ್ನೇ ಕೊಡಲು ನಿರ್ಧರಿಸಿದೆ. Installed apps ಪಟ್ಟಿಯಿಂದ ಹೊಸ ರನ್‌ಟೈಮನ್ನು ತೆಗೆದು, ಆಟದ ಜೊತೆ ಬಂದ ಹಳೆಯದನ್ನು ಲಾಂಚರ್ ಮೂಲಕವೇ ಹಾಕಿಸಿ, ಆಮೇಲೆ ಮೈಕ್ರೋಸಾಫ್ಟ್‌ನ ತಾಣದಿಂದ ಹೊಸದನ್ನು ತಂದು ಅದರ ಮೇಲೆ ಹಾಕಿದೆ. ನಡುವಿನ ಆ ಕೆಲವು ನಿಮಿಷ ಬೇರೆ ಪ್ರೋಗ್ರಾಮುಗಳು ತೆರೆಯದೆ ಹೋಗಬಹುದು. ಆದ್ದರಿಂದ ಹೊಸದರ ಫೈಲನ್ನು ಮೊದಲೇ ಇಳಿಸಿಟ್ಟುಕೊಳ್ಳುವುದು ಒಳ್ಳೆಯದು. x86 ಮತ್ತು x64 ಎಂಬವು ಎರಡು ಬೇರೆ ಬೇರೆ ಸ್ಥಾಪನೆಗಳು; ಆಟ ಯಾವುದನ್ನು ಕೇಳುತ್ತಿದೆಯೋ ಅದನ್ನಷ್ಟೇ ಮುಟ್ಟಬೇಕು.

ಆಟ ತೆರೆಯಿತು, ಒಂದು ಗಂಟೆ ಆಡಿದೆ. ಮರುದಿನ ತೆರೆದರೆ ಮತ್ತೆ ಅದೇ ಸಾಲು!

ಈ ಸಲ ದಾಖಲೆಯ ಕಡೆ ನೋಡಿದೆ. ಕ್ಯಾಶ್ ಫೋಲ್ಡರಿನಲ್ಲಿ ಫೈಲುಗಳನ್ನು ದಿನಾಂಕದ ಪ್ರಕಾರ ಜೋಡಿಸಿದಾಗ, ಯಾವ ಪ್ರಿರಿಕ್ವಿಸಿಟ್ ಹಾಕಿ ಆಗಿದೆ ಎಂದು ಬರೆದಿಡುವ ಫೈಲಿನ ಗಾತ್ರ 0 ಕೆಬಿ ಎಂದಿತ್ತು. ಅದರ ದಿನಾಂಕ ಹಿಂದಿನ ವಾರದ ಗುರುವಾರ ಸಂಜೆಯದು. ಅಂದು ಲಾಂಚರ್ ಅಪ್‌ಡೇಟ್ ಆಗುತ್ತಿದ್ದಾಗ ಕರೆಂಟು ಹೋಗಿತ್ತು. ನನ್ನದು ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್. ವಿಂಡೋಸಿನ ಎನ್‌ಟಿಎಫ್‌ಎಸ್ ಕಡತ ವ್ಯವಸ್ಥೆ, ಕರೆಂಟು ಹೋದರೂ ಫೈಲಿನ ಹೆಸರು, ಜಾಗ ಮೊದಲಾದ ವಿವರಗಳನ್ನು ಕಾಪಾಡಿಕೊಳ್ಳುತ್ತದೆ, ಆದರೆ ಆ ಕ್ಷಣದಲ್ಲಿ ಬರೆಯುತ್ತಿದ್ದ ಒಳಗಿನ ವಿಷಯಕ್ಕೆ ಅದರ ಭರವಸೆಯಿಲ್ಲ. ಆದ್ದರಿಂದಲೇ ಇಂಥ ಫೈಲುಗಳು ಹೆಸರಿಗೆ ಇರುತ್ತವೆ, ಒಳಗೆ ಖಾಲಿಯಾಗಿರುತ್ತವೆ. ಸುವ್ಯವಸ್ಥಿತವಾಗಿ ಬರೆದ ತಂತ್ರಾಂಶ ಹೊಸ ದಾಖಲೆಯನ್ನು ಬೇರೊಂದು ಫೈಲಿನಲ್ಲಿ ಪೂರ್ತಿ ಬರೆದು, ಕೊನೆಗೆ ಹಳೆಯ ಹೆಸರಿಗೆ ಬದಲಿಸುತ್ತದೆ. ಈ ಲಾಂಚರ್ ಹಾಗೆ ಮಾಡಿದ್ದಂತೆ ಕಾಣಲಿಲ್ಲ. ಖಾಲಿ ಫೈಲನ್ನು ಓದಲಾಗದೆ, ಅದನ್ನು ಬದಲಿಸಲೂ ಹೋಗದೆ, ಪ್ರತಿ ಸಲವೂ ಮೊದಲಿನಿಂದ ಶುರುಮಾಡುತ್ತಿತ್ತು.

ದುರಸ್ತಿಯಲ್ಲಿ ಮುಖ್ಯವಾದ ಎಚ್ಚರಿಕೆ ಒಂದಿದೆ. ಕ್ಯಾಶ್ ಎಂದು ನಾವು ಒಟ್ಟಾಗಿ ಕರೆಯುವ ಜಾಗದಲ್ಲಿ ಬೇರೆ ಬೇರೆ ಬೆಲೆಯ ವಸ್ತುಗಳು ಅಕ್ಕಪಕ್ಕದಲ್ಲೇ ಇರುತ್ತವೆ. ಅಂಗಡಿಯ ಪುಟಗಳನ್ನು ತೋರಿಸುವ ಬ್ರೌಸರ್ ಭಾಗದ `Cache`, `Code Cache`, `GPUCache` ಎಂಬ ಫೋಲ್ಡರುಗಳನ್ನು ಕಣ್ಣುಮುಚ್ಚಿ ತೆಗೆಯಬಹುದು. ಲಾಂಚರ್ ಬಿಳಿ ಅಥವಾ ಕಪ್ಪು ಪರದೆಯಾಗಿ ತೆರೆದರೆ ತೆಗೆಯಬೇಕಾದವು ಇವೇ, ಅವು ತಾವಾಗಿಯೇ ಮತ್ತೆ ಹುಟ್ಟುತ್ತವೆ. ಆದರೆ ಯಾವ ಆಟ ಯಾವ ಡ್ರೈವಿನಲ್ಲಿದೆ ಎಂಬ ಪಟ್ಟಿ ಹೋದರೆ, ಡಿಸ್ಕಿನ ಮೇಲೆ ಆಟಗಳು ಇದ್ದರೂ ಲಾಂಚರ್ ಎಲ್ಲದರ ಮುಂದೆ Install ಎಂದು ತೋರಿಸುತ್ತದೆ. ಎರಡನೆಯ ವರ್ಷದಲ್ಲಿ ನಾನು ಇಡೀ ಫೋಲ್ಡರನ್ನು ಅಳಿಸಿ ಈ ಕಷ್ಟವನ್ನು ಅನುಭವಿಸಿದ್ದೆ. ಆದ್ದರಿಂದ ಈಗ ಏನನ್ನೂ ಅಳಿಸುವುದಿಲ್ಲ, ಹೆಸರಿನ ಕೊನೆಗೆ `.old` ಎಂದು ಸೇರಿಸುತ್ತೇನೆ. ಅದಕ್ಕೂ ಮೊದಲು, ಗಡಿಯಾರದ ಪಕ್ಕದ ಚಿಕ್ಕ ಚಿಹ್ನೆಯ ಮೇಲೆ ಬಲ ಕ್ಲಿಕ್ ಮಾಡಿ ಲಾಂಚರಿನಿಂದ ಪೂರ್ತಿ ಹೊರಬಂದು, ಅದರ ಯಾವ ಪ್ರಕ್ರಿಯೆಯೂ ಟಾಸ್ಕ್ ಮ್ಯಾನೇಜರಿನಲ್ಲಿ ಉಳಿದಿಲ್ಲವೆಂದು ನೋಡಿಕೊಳ್ಳಬೇಕು. ಕಿಟಕಿಯ ಮೂಲೆಯ ಗುರುತನ್ನು ಒತ್ತಿದರೆ ಅದು ಅಡಗಿಕೊಳ್ಳುತ್ತದೆಯೇ ಹೊರತು ನಿಲ್ಲುವುದಿಲ್ಲ. ಆಗ ಫೈಲು ಹಿಡಿದಿರುವುದರಿಂದ ಹೆಸರು ಬದಲಾಗುವುದಿಲ್ಲ, ಇಲ್ಲವೇ ಲಾಂಚರ್ ಮುಚ್ಚುವಾಗ ಹಳೆಯದನ್ನೇ ಮತ್ತೆ ಬರೆಯುತ್ತದೆ.

ಖಾಲಿಯಾಗಿದ್ದ ಆ ಒಂದು ಫೈಲಿನ ಹೆಸರು ಬದಲಿಸಿ ಲಾಂಚರನ್ನು ತೆರೆದೆ. ಅದು ಹೊಸ ದಾಖಲೆಯನ್ನು ಸೃಷ್ಟಿಸಿಕೊಂಡು, ಪ್ರಿರಿಕ್ವಿಸಿಟ್‌ಗಳನ್ನು ಇನ್ನೊಮ್ಮೆ ಓಡಿಸಿತು. ಅಷ್ಟರಲ್ಲಿ ಹೊಸ ರನ್‌ಟೈಮ್ ಮತ್ತೆ ಬಂದು ಕೂತಿದ್ದರಿಂದ ತೆಗೆದು ಹಾಕುವ ಕೆಲಸವನ್ನೂ ಇನ್ನೊಮ್ಮೆ ಮಾಡಬೇಕಾಯಿತು. ಮೊದಲು ದಾಖಲೆಯನ್ನು ಸರಿಪಡಿಸಿ ಆಮೇಲೆ ರನ್‌ಟೈಮಿನ ಕೆಲಸಕ್ಕೆ ಕೈಹಾಕಿದ್ದರೆ ಒಂದೇ ಸಲಕ್ಕೆ ಮುಗಿಯುತ್ತಿತ್ತು. ಇದೇ ಕ್ರಮವನ್ನು ನೀವು ಅನುಸರಿಸಿ.

ಆಟಗಳ ಪಟ್ಟಿಯನ್ನೇ ಕಳೆದುಕೊಂಡವರಿಗೂ ದಾರಿಯಿದೆ. ಆಟದ ಫೋಲ್ಡರಿನ ಹೆಸರನ್ನು ಬದಲಿಸಿಟ್ಟು, ಅದೇ ಜಾಗದಲ್ಲಿ Install ಒತ್ತಿ, ಒಂದೆರಡು ಶೇಕಡಾ ಇಳಿದ ಮೇಲೆ ನಿಲ್ಲಿಸಿ ಲಾಂಚರಿನಿಂದ ಹೊರಬನ್ನಿ. ಲಾಂಚರ್ ಹೊಸದಾಗಿ ಮಾಡಿಕೊಂಡ ಗುಪ್ತ ಫೋಲ್ಡರನ್ನು ಮುಟ್ಟದೆ, ಹಳೆಯ ಆಟದ ಫೈಲುಗಳನ್ನಷ್ಟೇ ಹೊಸ ಫೋಲ್ಡರಿಗೆ ಸರಿಸಿ, ಡೌನ್‌ಲೋಡನ್ನು ಮುಂದುವರಿಸಿ. ಲಾಂಚರ್ ಇರುವ ಫೈಲುಗಳನ್ನು ಪರೀಕ್ಷಿಸಿ, ಹೊಂದದೆ ಇರುವುದನ್ನು ಮಾತ್ರ ಇಳಿಸುತ್ತದೆ. ಅಂದು 48 ಜಿಬಿಯ ಆಟವೊಂದಕ್ಕೆ ನನಗೆ ಮತ್ತೆ ಇಳಿದದ್ದು ಒಂದೂವರೆ ಜಿಬಿಗಿಂತ ಕಡಿಮೆ. ತಿಂಗಳಿಗೆ ಇಷ್ಟೇ ಡೇಟಾ ಎಂಬ ಮಿತಿಯಿರುವ ಸಂಪರ್ಕದವರಿಗೆ ಇದು ಬಹಳ ದೊಡ್ಡ ಉಳಿತಾಯ.

ಐದಕ್ಕೆ ಮೂರು ನಕ್ಷತ್ರ ಕೊಡುತ್ತಿದ್ದೇನೆ. ಕಳೆದುಕೊಂಡ ಎರಡನ್ನು ಗಳಿಸಲು ಲಾಂಚರಿಗೆ ಹೊಸ ವಿನ್ಯಾಸ ಬೇಕಿಲ್ಲ: 1638 ಮತ್ತು 3010 ಬಂದಾಗ ಮುಂದಕ್ಕೆ ಹೋಗಲಿ, ಓದಲಾಗದ ದಾಖಲೆಯನ್ನು ತಾನೇ ಪಕ್ಕಕ್ಕಿಟ್ಟು ಹೊಸದನ್ನು ಬರೆಯಲಿ, ನಿಂತಾಗ ಆ ಸಂಖ್ಯೆಯನ್ನು ಪರದೆಯ ಮೇಲೆ ತೋರಿಸಲಿ. ಈ ಮೂರನ್ನೂ ಲಾಗ್ ಸಮೇತ ಬರೆದು ಕಳುಹಿಸಿ ಏಳು ತಿಂಗಳಾಯಿತು. ಕಳೆದ ತಿಂಗಳ ಅಪ್‌ಡೇಟಿನಲ್ಲಿ 3010ಕ್ಕೆ ರೀಸ್ಟಾರ್ಟ್ ಕೇಳುವ ಸಂದೇಶವೊಂದು ಬಂದಿದೆ. 1638 ಇನ್ನೂ ಹಾಗೆಯೇ ಇದೆ.