ಅಡ್ಮಿನ್ ಪೋರ್ಟಲ್‌ಗೆ ಕಂಪ್ಲಯಂಟ್ ಲ್ಯಾಪ್‌ಟಾಪ್ ಕಡ್ಡಾಯ ಮಾಡಿ ಎರಡು ವರ್ಷ: ನಾವೇ ಹೊರಗೆ ಸಿಕ್ಕಿಹಾಕಿಕೊಂಡ ಕಥೆಯೂ ಸೇರಿ

ಮೈಸೂರಿನ 140 ಜನರ ಕಂಪನಿಯೊಂದರಲ್ಲಿ ಐಟಿ ನೋಡಿಕೊಳ್ಳುವವರು ನಾವು ಇಬ್ಬರೇ. ಯಾರು, ಯಾವ ಯಂತ್ರದಿಂದ ಲಾಗಿನ್ ಆಗಬಹುದು ಅಂತ ನಿರ್ಧರಿಸುವ ಮೈಕ್ರೋಸಾಫ್ಟ್ ಎಂಟ್ರಾದ ಕಂಡೀಷನಲ್ ಆಕ್ಸೆಸ್ ಹಾಕಿಕೊಂಡು ಎರಡು ವರ್ಷ ದಾಟಿತು. ನಮ್ಮದು 365 ಬಿಸಿನೆಸ್ ಪ್ರೀಮಿಯಂ. ಎಂಟ್ರಾ ಪಿ1 ಮತ್ತು ಕಂಪನಿ ಯಂತ್ರಗಳನ್ನು ನಿರ್ವಹಿಸುವ ಇಂಟ್ಯೂನ್ ಎರಡೂ ಅದರಲ್ಲೇ ಬರುತ್ತವೆ, ಹಾಗಾಗಿ ಲೈಸೆನ್ಸ್‌ಗೆ ಬೇರೆ ದುಡ್ಡು ಕೇಳಬೇಕಾಗಲಿಲ್ಲ. ನನ್ನ ಮಾರ್ಕು 5ಕ್ಕೆ 4. ಆ ಒಂದು ಮಾರ್ಕು ಎಲ್ಲಿ ಹೋಯಿತು ಅಂತ ಮುಂದೆ ಹೇಳುತ್ತೇನೆ.

ನಿಯಮ ಸರಳ. ಅಡ್ಮಿನ್ ಅಧಿಕಾರ ಇರುವವರು ಇಂಟ್ಯೂನ್ 'ಸರಿ ಇದೆ' ಅಂದ ಕಂಪನಿ ಲ್ಯಾಪ್‌ಟಾಪ್‌ನಿಂದ ಮಾತ್ರ ಒಳಗೆ ಬರಬೇಕು. ಪಾಲಿಸಿಯಲ್ಲಿ `Require device to be marked as compliant` ಅಂತ ಒಂದು ಟಿಕ್, ಅಷ್ಟೇ. ನಕಲಿ ಲಾಗಿನ್ ಪುಟ ತೋರಿಸಿ ಪಾಸ್‌ವರ್ಡು, ಓಟಿಪಿ ಎರಡನ್ನೂ ಹೊಡೆದುಕೊಂಡವನ ಹತ್ತಿರ ನಮ್ಮ ಲ್ಯಾಪ್‌ಟಾಪ್ ಇರುವುದಿಲ್ಲವಲ್ಲ, ಅವನು ಅಲ್ಲೇ ನಿಲ್ಲುತ್ತಾನೆ. (ನಮ್ಮ ಯಜಮಾನರಿಗೆ ಇದನ್ನು ವಿವರಿಸಿದಾಗ 'ಲ್ಯಾಪ್‌ಟಾಪ್ ಮೇಲೆ ಯಾರಪ್ಪ ಕಂಪ್ಲೇಂಟ್ ಕೊಟ್ಟಿದ್ದು?' ಅಂದರು. ಇದು ಬೇರೆ ಕಂಪ್ಲಯಂಟ್ ಸಾರ್ ಅಂತ ಹೇಳುವಷ್ಟರಲ್ಲಿ ಸಾಕಾಯಿತು.)

ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವ ಕೆಲಸವೇ. ಆಪ್ ಪಟ್ಟಿಯಲ್ಲಿ `Microsoft Admin Portals` ಅಂತ ಒಂದು ಹೆಸರಿದೆ, ಅದನ್ನು ಆರಿಸಿ ಎರಡು ವಾರ, ಯಾರನ್ನೂ ತಡೆಯದೆ ಲಾಗ್ ಮಾತ್ರ ಬರೆಯುವ ರಿಪೋರ್ಟ್-ಓನ್ಲಿಯಲ್ಲಿ ಬಿಟ್ಟೆ. ಯಾರಿಗೂ ತೊಂದರೆ ಕಾಣಲಿಲ್ಲ, ಆನ್ ಮಾಡಿದೆ. ಆಮೇಲೆ ಒಂದು ಭಾನುವಾರ ಮನೆಯ ಹಳೇ ಡೆಸ್ಕ್‌ಟಾಪ್‌ನಿಂದ ಪರೀಕ್ಷೆ ಮಾಡಿದೆ. ಎಂಟ್ರಾ ಪೋರ್ಟಲ್ ಬಿಡಲಿಲ್ಲ, ಖುಷಿಯಾಯಿತು. ಸುಮ್ನೆ ನೋಡೋಣ ಅಂತ ಪವರ್‌ಶೆಲ್ ತೆಗೆದು ಇದನ್ನು ಹೊಡೆದೆ:

```
Connect-MgGraph -Scopes "User.ReadWrite.All"
```

ಸೀದಾ ಒಳಗೆ ಬಿಟ್ಟಿತು! ಮುಂದಿನ ಬಾಗಿಲಿಗೆ ಬೀಗ, ಹಿತ್ತಲ ಬಾಗಿಲು ತೆರೆದೇ ಇದೆ. ಇದು ದೋಷವೇನಲ್ಲ. ಆ ಹೆಸರಿನಡಿ ಬರುವುದು ಬ್ರೌಸರ್‌ನಲ್ಲಿ ತೆರೆಯುವ ಪೋರ್ಟಲ್‌ಗಳು ಮಾತ್ರ, ಗ್ರಾಫ್ ಪವರ್‌ಶೆಲ್ ಅದರಲ್ಲಿ ಸೇರಿಲ್ಲ. ಹಾಗಾಗಿ ಪಾಲಿಸಿಯನ್ನು ಬದಲಿಸಿದೆ: ಯಾರಿಗೆ ಅನ್ನುವ ಕಡೆ ಗ್ಲೋಬಲ್ ಅಡ್ಮಿನ್, ಇಂಟ್ಯೂನ್ ಅಡ್ಮಿನ್ ಮುಂತಾದ ರೋಲ್‌ಗಳು, ಯಾವುದಕ್ಕೆ ಅನ್ನುವ ಕಡೆ `All resources`. ಈಗ ಅಡ್ಮಿನ್ ಖಾತೆ ಎಲ್ಲಿಗೆ ಹೋದರೂ ಲ್ಯಾಪ್‌ಟಾಪ್ ತೋರಿಸಲೇಬೇಕು. ಒಂದು ಎಚ್ಚರಿಕೆ: ರೋಲ್ ಆರಿಸುವ ಈ ದಾರಿ ಸಿದ್ಧ ರೋಲ್‌ಗಳಿಗೆ ಮಾತ್ರ ನಡೆಯುತ್ತದೆ. ನೀವೇ ಮಾಡಿಕೊಂಡ ಕಸ್ಟಮ್ ರೋಲ್ ಇದ್ದರೆ ಆ ಜನರನ್ನು ಗ್ರೂಪ್ ಮೂಲಕ ಬೇರೆಯಾಗಿ ಸೇರಿಸಿ.

ಇಂಟ್ಯೂನ್‌ನಲ್ಲೂ ಒಂದು ಕಡೆ ನೋಡಲೇಬೇಕು. ಯಾವ ಕಂಪ್ಲಯನ್ಸ್ ಪಾಲಿಸಿಯೂ ಸಿಗದ ಯಂತ್ರವನ್ನು ಅದು ತಾನಾಗಿಯೇ 'ಕಂಪ್ಲಯಂಟ್' ಅಂತ ಗುರುತು ಹಾಕುತ್ತದೆ, ಮೊದಲಿಂದ ಇರುವ ಸೆಟ್ಟಿಂಗ್ ಅದೇ. ಅದನ್ನು `Not compliant` ಮಾಡದಿದ್ದರೆ ಇಷ್ಟೆಲ್ಲ ಮಾಡಿ ಏನೂ ಪ್ರಯೋಜನವಿಲ್ಲ.

ದಿನದ ಬಳಕೆಯಲ್ಲಿ ಜಾಸ್ತಿ ತಲೆ ತಿಂದದ್ದು ಬ್ರೌಸರ್. ಎಡ್ಜ್‌ನಲ್ಲಿ ಕಂಪನಿ ಖಾತೆಯ ಪ್ರೊಫೈಲ್ ಇದ್ದರೆ ತೊಂದರೆಯಿಲ್ಲ. ಕ್ರೋಮ್‌ಗೆ ಮೈಕ್ರೋಸಾಫ್ಟ್ ಸಿಂಗಲ್ ಸೈನ್ ಆನ್ ಎಕ್ಸ್‌ಟೆನ್ಷನ್ ಬೇಕು, ಇಲ್ಲವೇ `CloudAPAuthEnabled` ಪಾಲಿಸಿ ಹಾಕಬೇಕು. ಇನ್‌ಕಾಗ್ನಿಟೋ ತೆಗೆದರಂತೂ ಲ್ಯಾಪ್‌ಟಾಪ್ ಯಾವುದು ಅಂತಲೇ ಎಂಟ್ರಾಗೆ ಗೊತ್ತಾಗುವುದಿಲ್ಲ. ನನ್ನ ಜೊತೆ ಕೆಲಸ ಮಾಡುವ ಹುಡುಗನಿಗೆ ಅಡ್ಮಿನ್ ಖಾತೆಯನ್ನು ಇನ್‌ಕಾಗ್ನಿಟೋದಲ್ಲೇ ತೆರೆಯುವ ಅಭ್ಯಾಸ, 'ಸಾರ್, ಲ್ಯಾಪ್‌ಟಾಪ್ ಸರಿಯಿದ್ದರೂ ಬಿಡ್ತಿಲ್ಲ' ಅಂತ ಎರಡು ದಿನ ಒದ್ದಾಡಿದ. ಪತ್ತೆ ಹಚ್ಚುವುದು ಸುಲಭ. ಸೈನ್-ಇನ್ ಲಾಗ್‌ನಲ್ಲಿ ಆ ಸಾಲನ್ನು ತೆರೆದು `Device info` ನೋಡಿ. `Device ID` ಖಾಲಿ ಇದ್ದರೆ ಬ್ರೌಸರ್ ಗುರುತು ಕಳಿಸಿಲ್ಲ. ಐಡಿ ಇದ್ದು `Compliant` ಮುಂದೆ `No` ಇದ್ದರೆ ಮಾತ್ರ ಲ್ಯಾಪ್‌ಟಾಪ್‌ನದೇ ಸಮಸ್ಯೆ.

ಈಗ ನಾವೇ ಹೊರಗೆ ಸಿಕ್ಕಿಹಾಕಿಕೊಂಡ ಆ ಬುಧವಾರದ ವಿಷಯ. ವಿಂಡೋಸ್‌ನ ತಿಂಗಳ ಅಪ್‌ಡೇಟ್ ಬಂದ ಮಾರನೇ ದಿನ, ಹುರುಪಿನಲ್ಲಿ ಕಂಪ್ಲಯನ್ಸ್ ಪಾಲಿಸಿಯ ಕನಿಷ್ಠ ಓಎಸ್ ಆವೃತ್ತಿಗೆ ಹೊಸ ಬಿಲ್ಡ್ ನಂಬರ್ ಹಾಕಿಬಿಟ್ಟೆ. ನಾನೇ ಹಿಂದೆ ಅಪ್‌ಡೇಟ್‌ಗಳನ್ನು 7 ದಿನ ತಡ ಮಾಡಿ ಇಳಿಸುವಂತೆ ಸೆಟ್ ಮಾಡಿದ್ದೆ, ಅದು ಮರೆತೇ ಹೋಗಿತ್ತು. ಅಂದರೆ ಲ್ಯಾಪ್‌ಟಾಪ್‌ಗೆ ಹೊಸ ಬಿಲ್ಡ್ ಬೇಕೇ ಬೇಕು, ಆದರೆ ವಾರದವರೆಗೆ ಸಿಗುವುದಿಲ್ಲ. ಪಾಲಿಸಿ ತಪ್ಪಿದ ಕೂಡಲೇ ನಾನ್-ಕಂಪ್ಲಯಂಟ್ ಮಾಡು ಅಂತ ಗಡುವು ಬೇರೆ 0 ದಿನ. ಊಟ ಮುಗಿಸಿ ಬಂದು ಇಂಟ್ಯೂನ್ ತೆರೆದರೆ ನನ್ನನ್ನು ಬಿಡಲಿಲ್ಲ. ಪಕ್ಕದ ಟೇಬಲ್‌ನಿಂದ 'ಸಾರ್, ನನಗೂ ಇಲ್ಲ' ಅಂತ ಬಂತು. ತಪ್ಪನ್ನು ಸರಿ ಮಾಡಬೇಕಾದ ಜಾಗ ಇಂಟ್ಯೂನ್, ಅದರ ಬಾಗಿಲು ಹಾಕಿಸಿದ್ದೂ ಇಂಟ್ಯೂನ್. ಅಪ್‌ಡೇಟ್ ಫೈಲನ್ನು ಕೈಯಾರೆ ಇಳಿಸಿ ಹಾಕಬಹುದಿತ್ತು ನಿಜ, ಆದರೆ ಒಂದು ಅಂಕಿ ತಪ್ಪಿ ಇಲ್ಲದ ಬಿಲ್ಡನ್ನು ಹಾಕಿದ್ದರೆ ಆ ದಾರಿಯೂ ಇರುತ್ತಿರಲಿಲ್ಲ.

ಆಗ ಬೇಕಾದದ್ದು ಬ್ರೇಕ್-ಗ್ಲಾಸ್ ಖಾತೆ, ಅಂದರೆ ತುರ್ತಿಗೆ ಅಂತಲೇ ಇಟ್ಟ ಖಾತೆ. ನಮ್ಮಲ್ಲಿ ಎರಡಿವೆ, ಎರಡೂ `onmicrosoft.com` ವಿಳಾಸದವು, ಯಾವಾಗಲೂ ಗ್ಲೋಬಲ್ ಅಡ್ಮಿನ್, ಯಾರ ದಿನದ ಕೆಲಸಕ್ಕೂ ಅಲ್ಲ. ಮೊದಲು ಉದ್ದನೆಯ ಪಾಸ್‌ವರ್ಡನ್ನು ಎರಡು ಲಕೋಟೆಗೆ ಹಂಚಿ ಇಟ್ಟಿದ್ದೆವು. 2024ರ ಅಕ್ಟೋಬರ್‌ನಿಂದ ಮೈಕ್ರೋಸಾಫ್ಟ್ ಪೋರ್ಟಲ್‌ಗಳಿಗೆ ಎಂಎಫ್ಎ ಕಡ್ಡಾಯ ಮಾಡುತ್ತಾ ಬಂತು, ತುರ್ತು ಖಾತೆಗೂ ವಿನಾಯಿತಿ ಇಲ್ಲ. ಹಾಗಾಗಿ ಈಗ ಪ್ರತಿ ಖಾತೆಗೂ ಒಂದೊಂದು ಫಿಡೋ2 ಕೀ. ಒಂದು ಅಕೌಂಟ್ಸ್ ವಿಭಾಗದ ತಿಜೋರಿಯಲ್ಲಿ, ಇನ್ನೊಂದು ಯಜಮಾನರ ಮನೆಯಲ್ಲಿ, ಪಿನ್ ಬರೆದ ಲಕೋಟೆ ಬೇರೆ ಕಡೆ.

ತಿಜೋರಿ ತೆಗೆಸಿ, ಅಕೌಂಟ್ಸ್ ಮೇಡಂ ಕಂಪ್ಯೂಟರ್‌ಗೇ ಕೀ ಚುಚ್ಚಿ ಒಳಗೆ ಹೋದೆ. ಬಿಲ್ಡ್ ನಂಬರನ್ನು ಹಳೆಯದಕ್ಕೆ ಇಳಿಸಿದೆ, ನಮ್ಮಿಬ್ಬರ ಲ್ಯಾಪ್‌ಟಾಪ್ ಸಿಂಕ್ ಮಾಡಿದೆವು, ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. 'ಇಷ್ಟೇನಾ? ನನ್ನ ಟ್ಯಾಲಿ ಮುಚ್ಚಿಸಿದ್ದು ಇದಕ್ಕಾ?' ಅಂದರು ಮೇಡಂ. ಆಮೇಲೆ ಗಡುವನ್ನು 3 ದಿನ ಮಾಡಿದೆ. ಆ ಗಡುವಿನೊಳಗೆ ಇರುವ ಲ್ಯಾಪ್‌ಟಾಪನ್ನು ಕಂಡೀಷನಲ್ ಆಕ್ಸೆಸ್ ಒಳಗೆ ಬಿಡುತ್ತದೆ, ಕೈಗೆ ಸಮಯ ಸಿಗುತ್ತದೆ.

ಎರಡೂ ಖಾತೆಗಳು ಒಂದು ಗ್ರೂಪ್‌ನಲ್ಲಿವೆ, ಪ್ರತಿ ಪಾಲಿಸಿಯಲ್ಲೂ ಆ ಗ್ರೂಪ್ ಎಕ್ಸ್‌ಕ್ಲೂಡ್. ಆ ಗ್ರೂಪ್‌ಗೆ ಯಾರಾದರೂ ತಮ್ಮನ್ನು ಸೇರಿಸಿಕೊಂಡರೆ ಕಥೆ ಮುಗಿಯಿತು. ಅದಕ್ಕೇ ಅದನ್ನು ರೋಲ್-ಅಸೈನಬಲ್ ಗ್ರೂಪ್ ಆಗಿ ಮಾಡಿದ್ದೇವೆ, ಸಾಮಾನ್ಯ ಗ್ರೂಪ್ ಅಡ್ಮಿನ್ ಅದನ್ನು ಮುಟ್ಟಲು ಆಗುವುದಿಲ್ಲ. ಹಾಗೆ ಮಾಡುವುದಿದ್ದರೆ ಗ್ರೂಪ್ ಹುಟ್ಟುಹಾಕುವಾಗಲೇ ಮಾಡಬೇಕು, ಆಮೇಲೆ ಬದಲಿಸಲು ಬರುವುದಿಲ್ಲ. ಮೇಲೆ ಒಂದು ಕಾವಲು, ಸೈನ್-ಇನ್ ಲಾಗನ್ನು ಲಾಗ್ ಅನಲಿಟಿಕ್ಸ್‌ಗೆ ಕಳಿಸಿ 5 ನಿಮಿಷಕ್ಕೊಮ್ಮೆ ಇದು ಓಡುತ್ತದೆ:

```
SigninLogs
| where UserId in ("<object-id-1>", "<object-id-2>")
```

ಒಂದು ಸಾಲು ಸಿಕ್ಕರೂ ಮೇಲ್ ಬರುತ್ತದೆ. ಹೆಸರು ಬದಲಾದರೂ ತಪ್ಪದಿರಲಿ ಅಂತ ಆಬ್ಜೆಕ್ಟ್ ಐಡಿ ಹಾಕಿದ್ದು.

ಆ ಒಂದು ಮಾರ್ಕು ಹೋದದ್ದು ಇಲ್ಲಿ: ಇದನ್ನು ಹಾಕಿ ಮರೆಯುವಂತಿಲ್ಲ. 90 ದಿನಕ್ಕೊಮ್ಮೆ ಕೀ ತೆಗೆದು ಲಾಗಿನ್ ಆಗಿ ನೋಡುತ್ತೇವೆ, ಪಿನ್ ಸಾಲಾಗಿ 8 ಸಲ ತಪ್ಪಾದರೆ ಕೀ ಲಾಕ್ ಆಗುತ್ತದೆ, ಹಾಗಾಗಿ ಲಕೋಟೆಯ ಬರಹ ಓದುವಂತಿದೆಯಾ ಅಂತಲೂ ನೋಡಬೇಕು. ಕಳೆದ ಸಲ ಲಾಗಿನ್ ಸರಿಯಾಗಿ ಆಯಿತು, ಮೇಲ್ ಮಾತ್ರ ಬರಲಿಲ್ಲ. ಅರ್ಧ ಗಂಟೆ ಹುಡುಕಿದ ಮೇಲೆ ಗೊತ್ತಾಯಿತು, ಅದು ಕೆಲಸ ಬಿಟ್ಟು ಹೋದ ಹಳೇ ಸಹೋದ್ಯೋಗಿಯ ವಿಳಾಸಕ್ಕೆ ಹೋಗುತ್ತಿತ್ತು.