ಆ್ಯಪ್ ತೆರೆಯದೆ ಸುತ್ತುವ ಸ್ಮಾರ್ಟ್ ಟಿವಿ: ಎರಡು ವರ್ಷದ ಬಳಕೆ, ಡಿಎನ್‌ಎಸ್ ಬದಲಿಸಿದ ಮೇಲಿನ ಅನುಭವ

20 ಸಾವಿರದೊಳಗೆ ಕೊಂಡ 43 ಇಂಚಿನ ಆಂಡ್ರಾಯ್ಡ್ ಟಿವಿ ಇದು. ಸಾಗರದಲ್ಲಿರುವ ನಮ್ಮ ಮನೆಗೆ ಬಂದು ಎರಡು ವರ್ಷ ದಾಟಿತು. ಚಿತ್ರ ಹೇಗಿದೆ, ಸೌಂಡ್ ಹೇಗಿದೆ ಅಂತ ಹೇಳುವ ವಿಡಿಯೊಗಳು ಬೇಕಾದಷ್ಟಿವೆ, ನೀವೂ ನೋಡಿರುತ್ತೀರಿ. ನನಗೆ ಎರಡರಲ್ಲೂ ದೂರಿಲ್ಲ. ಈ ಟಿವಿ ನನ್ನ ತಲೆ ತಿಂದದ್ದು ಒಂದೇ ವಿಷಯದಲ್ಲಿ. ಆ್ಯಪ್ ಒತ್ತಿದರೆ ಲೋಗೊ ಬರುತ್ತದೆ, ಆಮೇಲೆ ಬಿಳಿ ಚಕ್ರ ಸುತ್ತುತ್ತದೆ, ಸುತ್ತುತ್ತಲೇ ಇರುತ್ತದೆ.

ನಮ್ಮ ಮನೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಅತ್ತೆಯವರು ಹಿಂದಿನ ದಿನದ ಸೀರಿಯಲ್ ನೋಡುತ್ತಾರೆ. ಲೈವ್ ನೋಡುವುದಿಲ್ಲ, ಜಾಹೀರಾತು ಅವರಿಗೆ ಆಗುವುದಿಲ್ಲ. ಕಾಫಿ ಲೋಟ ಟೀಪಾಯಿಯ ಮೇಲೆ, ಕನ್ನಡಕ ಮೂಗಿನ ಮೇಲೆ, ರಿಮೋಟ್ ಮಡಿಲಲ್ಲಿ. ಆ್ಯಪ್ ಒತ್ತಿ, ಅದು ತೆರೆಯುವಷ್ಟರಲ್ಲಿ ಕಾಫಿ ಮುಗಿಸುತ್ತಿದ್ದರು. ಕೆಲವು ದಿನ ಕಾಫಿ ಮುಗಿದರೂ ಚಕ್ರ ನಿಲ್ಲುತ್ತಿರಲಿಲ್ಲ. "ಇದಕ್ಕಿಂತ ನಮ್ಮ ಹಳೇ ಡಬ್ಬಾ ಟಿವಿನೇ ವಾಸಿ ಇತ್ತಲ್ಲೇ" ಅಂತ ಅವರು ಹೇಳುವಾಗ ನನಗೆ ಟಿವಿ ಮೇಲೆ ನಿಜಕ್ಕೂ ಸಿಟ್ಟು ಬರುತ್ತಿತ್ತು.

ಅಂಗಡಿಯವರನ್ನು ಕೇಳಿದರೆ, ಟಿವಿಯಲ್ಲಿ ರ್‍ಯಾಮ್ ಕಡಿಮೆ, ಒಂದು ಸ್ಟ್ರೀಮಿಂಗ್ ಸ್ಟಿಕ್ ತಗೊಳ್ಳಿ ಅಂದರು. ಅಂದರೆ ಇನ್ನೂ ಮೂರ್ನಾಲ್ಕು ಸಾವಿರ. ಇಂಟರ್ನೆಟ್ ಕೊಡುವ ಕಡೆಯ ಹುಡುಗ ಮನೆಗೆ ಬಂದು ಫೋನಿನಲ್ಲಿ ಸ್ಪೀಡ್ ಟೆಸ್ಟ್ ಮಾಡಿ, "ನೋಡಿ ಅಕ್ಕ, 40 ಎಂಬಿಪಿಎಸ್ ಪೂರ್ತಿ ಬರ್ತಾ ಇದೆ, ನಮ್ಮ ಕಡೆಯಿಂದ ಏನೂ ತೊಂದರೆ ಇಲ್ಲ" ಅಂದ. ಅವನು ತೋರಿಸಿದ ಅಂಕಿ ಸುಳ್ಳಲ್ಲ. ಆದರೆ ಈ ತೊಂದರೆ ಸ್ಪೀಡ್ ಟೆಸ್ಟಿನಲ್ಲಿ ಕಾಣುವಂಥದ್ದಲ್ಲ.

ನನಗೆ ದಾರಿ ತೋರಿಸಿದ್ದು ಒಂದು ಸಣ್ಣ ಗುರುತು. ಆ್ಯಪ್ ತೆರೆಯಲು ಅಷ್ಟು ಸತಾಯಿಸಿದರೂ, ಒಮ್ಮೆ ಎಪಿಸೋಡ್ ಶುರುವಾಯಿತು ಅಂದರೆ ಕೊನೆಯವರೆಗೂ ಒಂದು ಕಡೆಯೂ ನಿಲ್ಲುತ್ತಿರಲಿಲ್ಲ. ಚಿತ್ರವೂ ಮಸುಕಾಗುತ್ತಿರಲಿಲ್ಲ. ವೈಫೈ ದುರ್ಬಲವಾಗಿದ್ದರೆ ಅಥವಾ ಸ್ಪೀಡ್ ಸಾಲದಿದ್ದರೆ ನಡುವೆ ನಿಲ್ಲಬೇಕಿತ್ತು, ಅಲ್ವಾ? ಕಷ್ಟವೆಲ್ಲ ಬಾಗಿಲಲ್ಲೇ ಇತ್ತು, ಒಳಗೆ ಹೋದ ಮೇಲೆ ಏನೂ ಇರಲಿಲ್ಲ. ಅದೂ ಸಂಜೆ ಏಳರ ಮೇಲೆ ಜಾಸ್ತಿ, ಬೆಳಗ್ಗೆ ಕಡಿಮೆ.

ಟಿವಿಯ ಆ್ಯಪ್ ತೆರೆದಾಗ ಅದು ಒಂದೇ ಜಾಗಕ್ಕೆ ಹೋಗುವುದಿಲ್ಲ. ಲಾಗಿನ್ ನೋಡಲು ಒಂದು ಸರ್ವರ್, ಪೋಸ್ಟರ್ ಚಿತ್ರಗಳಿಗೆ ಇನ್ನೊಂದು, ಜಾಹೀರಾತಿಗೆ ಮತ್ತೊಂದು, ಲೆಕ್ಕ ಇಡಲು ಮಗದೊಂದು. ಪ್ರತಿಯೊಂದಕ್ಕೂ ಒಂದು ಹೆಸರಿದೆ. ಆ ಹೆಸರಿನ ಐಪಿ, ಅಂದರೆ ಅಂಕಿಯ ವಿಳಾಸ, ಗೊತ್ತಾಗದೆ ಟಿವಿ ಒಂದು ಹೆಜ್ಜೆಯೂ ಮುಂದಿಡಲಾರದು. ಹೆಸರು ಕೊಟ್ಟರೆ ವಿಳಾಸ ಹೇಳುವ ಕೆಲಸ ಡಿಎನ್‌ಎಸ್ ಸರ್ವರಿನದು. ಅದು ಒಂದು ಹೆಸರಿಗೆ ಉತ್ತರ ಕೊಡದಿದ್ದರೆ ಟಿವಿ ಕೆಲವು ಸೆಕೆಂಡ್ ಕಾದು ಮತ್ತೆ ಕೇಳುತ್ತದೆ. ಹೀಗೆ ಹತ್ತಾರು ಹೆಸರಿಗೆ ಕಾದರೆ ನಿಮಿಷಗಳು ಹೋಗುತ್ತವೆ. ವಿಡಿಯೊ ಶುರುವಾದ ಮೇಲೆ ಹೊಸ ಹೆಸರು ಕೇಳುವ ಕೆಲಸ ತುಂಬ ಕಡಿಮೆ, ಆದ್ದರಿಂದ ಅದು ಸಲೀಸಾಗಿ ಓಡುತ್ತದೆ.

ಇದು ಊಹೆಯೋ ನಿಜವೋ ಅಂತ ನೋಡಲು ಎರಡು ಪರೀಕ್ಷೆ ಸಾಕು. ಮೊದಲನೆಯದು, ಟಿವಿಯನ್ನು ಫೋನಿನ ಹಾಟ್‌ಸ್ಪಾಟ್‌ಗೆ ಕನೆಕ್ಟ್ ಮಾಡಿ ಅದೇ ಹೊತ್ತಿನಲ್ಲಿ ಅದೇ ಆ್ಯಪ್ ತೆರೆಯುವುದು. ನಮ್ಮಲ್ಲಿ ಥಟ್ಟನೆ ತೆರೆಯಿತು. ರ್‍ಯಾಮ್ ಕಾರಣ ಆಗಿದ್ದರೆ ಹಾಟ್‌ಸ್ಪಾಟಿನಲ್ಲೂ ಒದ್ದಾಡಬೇಕಿತ್ತು. ಅವತ್ತೇ ಟಿವಿ ಮೇಲಿನ ನನ್ನ ಸಿಟ್ಟು ಇಳಿಯಿತು. ಎರಡನೆಯದು, ಮನೆಯ ವೈಫೈನಲ್ಲೇ ಇರುವ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಈ ಎರಡು ಸಾಲು ಹೊಡೆಯುವುದು:

```
nslookup www.netflix.com
nslookup www.netflix.com 8.8.8.8
```

ಮೊದಲ ಸಾಲು ಮನೆಯ ರೂಟರ್ ಹೇಳಿದ ಡಿಎನ್‌ಎಸ್ ಅನ್ನು ಕೇಳುತ್ತದೆ. ಎರಡನೆಯದು ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್ ಅನ್ನು ನೇರವಾಗಿ ಕೇಳುತ್ತದೆ. ಹೆಸರು ಯಾವುದಾದರೂ ಸರಿ, ಬೇರೆ ಬೇರೆ ಹಾಕಿ ನೋಡಿ. ನಮ್ಮಲ್ಲಿ ಸಂಜೆ ಹೊತ್ತು ಮೊದಲ ಸಾಲಿಗೆ ಆಗಾಗ `DNS request timed out.` ಅಂತ ಬರುತ್ತಿತ್ತು, ಕೆಳಗೆ `timeout was 2 seconds.` ಎರಡನೆಯದಕ್ಕೆ ಪ್ರತಿ ಸಲವೂ ತಕ್ಷಣ ಉತ್ತರ. ಎರಡೂ ಸಾಲಿಗೆ ಒಂದೇ ವೇಗದಲ್ಲಿ ಉತ್ತರ ಬಂದರೆ ನಿಮ್ಮ ತೊಂದರೆ ಡಿಎನ್‌ಎಸ್ ಅಲ್ಲ, ಸುಮ್ನೆ ಅದನ್ನು ಬದಲಿಸಿ ಪ್ರಯೋಜನವಿಲ್ಲ.

ಮೊದಲು ಟಿವಿಯಲ್ಲೇ ಬದಲಿಸಿದೆ. `Settings` ಒಳಗೆ `Network & Internet`, ಅಲ್ಲಿ ನಮ್ಮ ವೈಫೈ ಹೆಸರು, ಅದರೊಳಗೆ `IP settings`. ಆಂಡ್ರಾಯ್ಡ್ ಟಿವಿಯ ದೊಡ್ಡ ಕಿರಿಕಿರಿ ಇರುವುದು ಇಲ್ಲಿ. ಡಿಎನ್‌ಎಸ್ ಒಂದನ್ನೇ ಬದಲಿಸಲು ಅದು ಬಿಡುವುದಿಲ್ಲ. `Static` ಆರಿಸಬೇಕು, ಆಮೇಲೆ ಟಿವಿಯ ಐಪಿ, ಗೇಟ್‌ವೇ, ಪ್ರಿಫಿಕ್ಸ್ ಉದ್ದ ಎಲ್ಲವನ್ನೂ ರಿಮೋಟಿನ ಬಾಣದ ಬಟನ್ ಒತ್ತಿ ಒತ್ತಿ ತುಂಬಬೇಕು. ಗೇಟ್‌ವೇ ಅಂದರೆ ರೂಟರ್ ವಿಳಾಸ, ನಮ್ಮಲ್ಲಿ 192.168.1.1. ಪ್ರಿಫಿಕ್ಸ್ ಉದ್ದ ಮನೆಗಳಲ್ಲಿ ಸಾಮಾನ್ಯವಾಗಿ 24. `DNS 1` ಜಾಗದಲ್ಲಿ 8.8.8.8, `DNS 2` ಜಾಗದಲ್ಲಿ 8.8.4.4. ಬೇರೆ ಕೆಲವು ಕಂಪನಿಗಳ ಟಿವಿಗಳಲ್ಲಿ ಐಪಿ ಮುಟ್ಟದೆ ಡಿಎನ್‌ಎಸ್ ಮಾತ್ರ ಬರೆಯುವ ಅನುಕೂಲ ಇದೆ. ನಿಮ್ಮದು ಅಂಥದ್ದಾದರೆ ಕೆಲಸ ಬೇಗ ಮುಗಿಯುತ್ತದೆ.

ಅವತ್ತು ಸಂಜೆ ಅತ್ತೆಯವರ ಆ್ಯಪ್ ಕಾಫಿಯ ಮೊದಲ ಗುಟುಕಿಗೇ ತೆರೆಯಿತು. ಪೋಸ್ಟರುಗಳು ಒಂದೊಂದಾಗಿ ಬರುವ ಬದಲು ಒಟ್ಟಿಗೆ ಬಂದವು. ಒಂದು ರೂಪಾಯಿ ಖರ್ಚಿಲ್ಲ.

ಆದರೆ ಟಿವಿಗೆ ಕೈಯಾರೆ ಕೊಟ್ಟ ಐಪಿ ಒಂದು ದಿನ ಕೈ ಕೊಡುತ್ತದೆ. ರೂಟರ್ ತಾನೇ ಹಂಚುವ ವಿಳಾಸಗಳ ಪಟ್ಟಿಯೊಳಗಿನ ಒಂದನ್ನು ಟಿವಿಗೆ ಕೊಟ್ಟಿದ್ದರೆ, ಅದೇ ವಿಳಾಸವನ್ನು ರೂಟರ್ ಇನ್ನೊಂದು ಫೋನಿಗೂ ಕೊಟ್ಟುಬಿಡಬಹುದು. ಆಗ ಎರಡೂ ಬಿಟ್ಟು ಬಿಟ್ಟು ಕೆಲಸ ಮಾಡುತ್ತವೆ, ಕಾರಣವೇ ತಿಳಿಯುವುದಿಲ್ಲ. ಪಟ್ಟಿ 192.168.1.2 ರಿಂದ 192.168.1.200 ರವರೆಗೆ ಇದ್ದರೆ ಟಿವಿಗೆ 192.168.1.220 ಕೊಡುವುದು ಕ್ಷೇಮ. ರೂಟರ್ ಬದಲಾಗಿ ಗೇಟ್‌ವೇ 192.168.0.1 ಆದರೆ ಟಿವಿಗೆ ನೆಟ್ಟೇ ಸಿಗುವುದಿಲ್ಲ. ಹಾಗಾಗಿ ಕಾರಣ ಖಾತ್ರಿಯಾದ ಮೇಲೆ ನಾನು ಟಿವಿಯನ್ನು ಮತ್ತೆ `DHCP` ಗೆ, ಅಂದರೆ ರೂಟರೇ ವಿಳಾಸ ಕೊಡುವ ಹಾಗೆ, ಹಾಕಿ, ಬದಲಾವಣೆಯನ್ನು ರೂಟರಿಗೆ ವರ್ಗಾಯಿಸಿದೆ.

ರೂಟರಿನಲ್ಲಿ ಡಿಎನ್‌ಎಸ್ ಬರೆಯುವ ಜಾಗ ಎರಡಿರುತ್ತವೆ, ಎಲ್ಲರಿಗೂ ಗೊಂದಲ ಆಗುವುದು ಇಲ್ಲೇ. `WAN` ಪುಟದಲ್ಲಿ ಬರೆದರೆ, ರೂಟರ್ ತಾನು ಯಾರನ್ನು ಕೇಳಬೇಕು ಅನ್ನುವುದು ಮಾತ್ರ ಬದಲಾಗುತ್ತದೆ. ಟಿವಿ ಆಗಲೂ ರೂಟರನ್ನೇ ಕೇಳುತ್ತಿರುತ್ತದೆ. ಇಂಟರ್ನೆಟ್ ಜೊತೆ ಬರುವ ಅಗ್ಗದ ಫೈಬರ್ ಡಬ್ಬಿಗಳಲ್ಲಿ ಆ ಮಧ್ಯವರ್ತಿ ಕೆಲಸವೇ ಸುಸ್ತಾಗುವುದು ಸಾಮಾನ್ಯ. ಡಬ್ಬಿ ಆಫ್ ಮಾಡಿ ಆನ್ ಮಾಡಿದರೆ ಎರಡು ದಿನ ಎಲ್ಲ ಸರಿ, ಮತ್ತೆ ಅದೇ ಕಥೆ ಅಂತಿದ್ದರೆ ಇದನ್ನೇ ಅನುಮಾನಿಸಿ. ನಮ್ಮಲ್ಲೂ ಹಾಗೇ ಇತ್ತು. ಆದ್ದರಿಂದ ಬರೆಯಬೇಕಾದ ಜಾಗ `LAN` ಪುಟದ `DHCP Server` ಭಾಗ. ಅಲ್ಲಿ `Primary DNS` ಗೆ 8.8.8.8 ಹಾಕಿದರೆ ರೂಟರ್ ಮನೆಯ ಎಲ್ಲ ಸಾಧನಗಳಿಗೂ "ನನ್ನನ್ನು ಕೇಳಬೇಡಿ, ನೇರ ಅಲ್ಲಿಗೇ ಹೋಗಿ" ಅಂತ ಹೇಳುತ್ತದೆ. ಸೇವ್ ಮಾಡಿದ ಮೇಲೆ ಟಿವಿಯ ಪ್ಲಗ್ ತೆಗೆದು ಮತ್ತೆ ಹಾಕಿ. ರಿಮೋಟಿನಲ್ಲಿ ಆಫ್ ಮಾಡಿದರೆ ಟಿವಿ ಬರೀ ನಿದ್ದೆ ಹೋಗುತ್ತದೆ, ಹಳೆಯ ಡಿಎನ್‌ಎಸ್ ವಿಳಾಸವನ್ನೇ ಹಿಡಿದುಕೊಂಡಿರಬಹುದು.

ಇಷ್ಟಾದರೂ ಏನೂ ಬದಲಾಗಲಿಲ್ಲ ಅಂದರೆ ಐಪಿವಿ6, ಅಂದರೆ ಹೊಸ ಬಗೆಯ ಉದ್ದನೆಯ ಐಪಿ ವಿಳಾಸಗಳ ಕಡೆ ನೋಡಿ. ರೂಟರ್ ಆ ದಾರಿಯಲ್ಲಿ ಬೇರೆಯೇ ಡಿಎನ್‌ಎಸ್ ಹಂಚುತ್ತಿರಬಹುದು. ಲ್ಯಾಪ್‌ಟಾಪಿನಲ್ಲಿ `nslookup` ಹೊಡೆದಾಗ ಮೇಲೆ `Address: fe80::1` ಥರದ್ದು ಕಂಡರೆ ಪ್ರಶ್ನೆ ಇನ್ನೂ ರೂಟರಿಗೇ ಹೋಗುತ್ತಿದೆ. ರೂಟರಿನ ಐಪಿವಿ6 ಪುಟದಲ್ಲಿ ಡಿಎನ್‌ಎಸ್ ಜಾಗ ಇದ್ದರೆ ಅಲ್ಲಿ `2001:4860:4860::8888` ಹಾಕಬೇಕು. ಕೆಲವು ಡಬ್ಬಿಗಳಲ್ಲಿ ಆ ಪುಟಕ್ಕೆ ಬೀಗ ಹಾಕಿರುತ್ತಾರೆ. ಆಗ ಇಂಟರ್ನೆಟ್ ಕೊಡುವವರನ್ನೇ ಕೇಳಬೇಕು.

1.1.1.1 ಯಾಕೆ ಹಾಕಲಿಲ್ಲ ಅಂತ ಕೇಳಬಹುದು. ಅದು ಕ್ಲೌಡ್‌ಫ್ಲೇರ್‌ನದು, ತುಂಬ ವೇಗದ ಸರ್ವರ್. ಫೋನಿನಲ್ಲಿ ನಾನು ಅದನ್ನೇ ಬಳಸುತ್ತೇನೆ. ಆದರೆ ಕೆಲವು ವಿಡಿಯೊ ಸೇವೆಗಳು ಡಿಎನ್‌ಎಸ್ ಪ್ರಶ್ನೆ ಎಲ್ಲಿಂದ ಬಂತು ಅಂತ ನೋಡಿ ಹತ್ತಿರದ ಸರ್ವರಿನ ವಿಳಾಸ ಕೊಡುತ್ತವೆ. ಅವಕ್ಕೆ ಸಹಾಯವಾಗಲಿ ಅಂತ ಗೂಗಲ್‌ನ ಡಿಎನ್‌ಎಸ್ ನಿಮ್ಮ ಐಪಿಯ ಒಂದು ಭಾಗವನ್ನು ಅಂಥ ಸೇವೆಗಳಿಗೆ ದಾಟಿಸುತ್ತದೆ. ಕ್ಲೌಡ್‌ಫ್ಲೇರ್ ಖಾಸಗಿತನದ ಕಾರಣಕ್ಕೆ ದಾಟಿಸುವುದಿಲ್ಲ. ದೊಡ್ಡ ನಗರದಲ್ಲಿ ಇದರಿಂದ ವ್ಯತ್ಯಾಸ ಗೊತ್ತಾಗದಿರಬಹುದು. ಸಣ್ಣ ಊರಿನ ಟಿವಿಗೆ ನನ್ನ ಆಯ್ಕೆ 8.8.8.8. ಯಾರದ್ದೇ ಹಾಕಿದರೂ ನೀವು ತೆರೆಯುವ ಹೆಸರುಗಳ ಪಟ್ಟಿ ಅವರ ಕೈಗೆ ಹೋಗುತ್ತದೆ, ಅದು ನೆನಪಿರಲಿ.

ಇದರಿಂದ ಸರಿಹೋಗದ್ದೂ ಇದೆ. ಅಡುಗೆಮನೆಯ ಗೋಡೆಯಾಚೆ ಇರುವ ತಮ್ಮನ ಟಿವಿಯಲ್ಲಿ ವಿಡಿಯೊ ಅರ್ಧಕ್ಕೆ ನಿಲ್ಲುತ್ತಿತ್ತು. ಡಿಎನ್‌ಎಸ್ ಬದಲಿಸಿದರೂ ಹಾಗೇ ಇತ್ತು. ಅದಕ್ಕೆ ಬೇಕಾಗಿದ್ದದ್ದು ಒಂದು ಲ್ಯಾನ್ ಕೇಬಲ್. ಕರೆಂಟ್ ಹೋಗಿ ಬಂದ ಮೇಲೆ ಟಿವಿಯ ತಾರೀಖು ತಪ್ಪಿದ್ದರೆ ಆಗಲೂ ಆ್ಯಪ್‌ಗಳು ತೆರೆಯದೆ ಸುತ್ತುತ್ತವೆ. ಸರ್ವರಿನ ಪ್ರಮಾಣಪತ್ರ ಇವತ್ತಿನ ತಾರೀಖಿಗೆ ಸರಿಯಾಗಿದೆಯೇ ಅಂತ ಟಿವಿ ನೋಡುತ್ತದೆ, ತಾರೀಖೇ ತಪ್ಪಿದ್ದರೆ ಕನೆಕ್ಷನ್ ಒಪ್ಪುವುದಿಲ್ಲ. ಅದನ್ನು ಮೊದಲು ನೋಡಿಕೊಳ್ಳಿ, ಒಂದು ನಿಮಿಷದ ಕೆಲಸ.

ಒಟ್ಟಿನಲ್ಲಿ ಈ ಟಿವಿಗೆ ಐದರಲ್ಲಿ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು ಡಿಎನ್‌ಎಸ್ ಬದಲಿಸಲು `Static` ತುಂಬಿಸುವ ಆ ಮೆನುವಿಗಾಗಿ, ನಿಧಾನಕ್ಕಲ್ಲ. ನಮ್ಮ ಮಲೆನಾಡಿನ ಕಡೆಯವರಿಗೆ ಇನ್ನೊಂದು ಮಾತು. ಮಳೆಗಾಲದಲ್ಲಿ ಸಿಡಿಲಿಗೆ ಫೈಬರ್ ಡಬ್ಬಿ ಸುಟ್ಟರೆ ಹೊಸದು ಹಾಕಿಕೊಡುತ್ತಾರೆ, ಅದರಲ್ಲಿ ಹಳೆಯ ಸೆಟ್ಟಿಂಗ್ ಇರುವುದಿಲ್ಲ. `DHCP Server` ಪುಟದ ಫೋಟೊ ಫೋನಿನಲ್ಲಿ ಇಟ್ಟುಕೊಂಡಿರಿ. ಡಬ್ಬಿ ಹಾಕಲು ಬಂದ ಹುಡುಗನಿಗೆ ಅದನ್ನು ತೋರಿಸಿದರೆ ಹೋಗುವ ಮೊದಲೇ ತುಂಬಿಕೊಡುತ್ತಾನೆ.